ಸ್ಥಳವನ್ನು ತೋರಿಸಿ, ಸಮಯವನ್ನು ಮರೆಮಾಡಿ: ಖಾಲಿ ಮನೆಯನ್ನೂ ಮಗುವಿನ ಶಾಲೆಯ ದಿನಚರಿಯನ್ನೂ ಬಿಟ್ಟುಕೊಡದ ಪ್ರವಾಸ ಚಿತ್ರಸರಣಿ

ಪ್ರವಾಸದ ಒಂದು ಬಿಡಿ ಫೋಟೊ ನಮ್ಮ ಮನೆಯ ಬಗ್ಗೆ ಸಾಮಾನ್ಯವಾಗಿ ಏನನ್ನೂ ಹೇಳುವುದಿಲ್ಲ. ಐದಾರು ಫೋಟೊಗಳು ಸಾಲಾಗಿ ಬಂದಾಗ, ಅವುಗಳ ಕ್ರಮ, ನಡುವಿನ ಅಂತರ ಮತ್ತು ಕೆಳಗಿನ ಮಾತುಗಳು ಸೇರಿ ಹೇಳತೊಡಗುತ್ತವೆ. ಕೆಲವು ವರ್ಷಗಳ ಹಿಂದೆ ನಾನು ಕುಟುಂಬದೊಂದಿಗೆ ಎಂಟು ದಿನ ಸಮುದ್ರತೀರದಲ್ಲಿದ್ದಾಗ ಪ್ರತಿ ಸಂಜೆ ಒಂದೊಂದು ಚಿತ್ರವನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೆ. ನಾಲ್ಕನೆಯ ಸಂಜೆ ಚಿಕ್ಕಮ್ಮ ಅಕ್ಕರೆಯಿಂದ, "ಯಾವಾಗ ವಾಪಸ್ ಬರ್ತೀರಿ? ಪುಟ್ಟಿಗೆ ಸೋಮವಾರ ಶಾಲೆ ಶುರು ಅಲ್ವಾ?" ಎಂದು ಕೇಳಿದರು. ನಾನು ಅಷ್ಟೇ ಅಕ್ಕರೆಯಿಂದ, "ಹೌದು ಚಿಕ್ಕಮ್ಮ, ಭಾನುವಾರ ರಾತ್ರಿ ಮನೆಗೆ ಬಂದುಬಿಡ್ತೀವಿ" ಎಂದು ಉತ್ತರಿಸಿದೆ. ಮನೆಯಲ್ಲಿ ಏನೂ ಕಳುವಾಗಲಿಲ್ಲ. ಆದರೆ ಮರಳಿದ ಮೇಲೆ ಆ ಪುಟವನ್ನು ಅಪರಿಚಿತನೊಬ್ಬನ ಕಣ್ಣಿನಿಂದ ಮೇಲಿನಿಂದ ಕೆಳಗೆ ಓದಿ ನೋಡಿದೆ. ಮನೆ ಯಾವ ದಿನದಿಂದ ಯಾವ ರಾತ್ರಿಯವರೆಗೆ ಖಾಲಿ ಇತ್ತು, ಮಗಳ ತರಗತಿ ಯಾವುದು, ಶಾಲೆ ಯಾವಾಗ ಆರಂಭವಾಗುತ್ತದೆ ಎಂಬುದೆಲ್ಲ ಅಲ್ಲಿ ಸಿಕ್ಕಿಬಿಡುತ್ತಿತ್ತು.

ಆ ದಿನದಿಂದ ನಾನು ಅನುಸರಿಸುತ್ತ ಬಂದಿರುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಚಿತ್ರಗಳನ್ನು ಹಂಚುವುದನ್ನೇ ನಿಲ್ಲಿಸಬೇಕೆಂದು ನನಗೆ ಅನಿಸಿಲ್ಲ. ಹೋದ ಸ್ಥಳವನ್ನು ಮುಚ್ಚಿಡುವ ಅಗತ್ಯವೂ ಬಹುಮಟ್ಟಿಗೆ ಇಲ್ಲ. ಮುಚ್ಚಿಡಬೇಕಾದದ್ದು ಸಮಯವನ್ನು.

ಎರಡು ಗುಟ್ಟುಗಳು, ಎರಡು ಬೇರೆ ಉಪಾಯಗಳು

ಮೊದಲು ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದಿನ ಎಲ್ಲ ಹಂತಗಳೂ ಅದರ ಮೇಲೆಯೇ ನಿಂತಿವೆ. ಖಾಲಿ ಮನೆಯ ಗುಟ್ಟಿಗೆ ಅವಧಿಯುಂಟು. ನಾವು ಮರಳಿ ಬಂದು ಬಾಗಿಲು ತೆರೆದ ಕ್ಷಣದಲ್ಲಿ ಅದರ ಬೆಲೆ ತೀರಿಹೋಗುತ್ತದೆ, ಆದ್ದರಿಂದ ಅದಕ್ಕೆ ತಡಮಾಡಿ ಹಾಕುವುದೇ ಮದ್ದು. ಮಗುವಿನ ಶಾಲೆಯ ದಿನಚರಿಯ ಗುಟ್ಟು ಹಾಗಲ್ಲ. ಮಗು ಯಾವ ಶಾಲೆಗೆ ಹೋಗುತ್ತದೆ, ಎಷ್ಟು ಹೊತ್ತಿಗೆ ಹೊರಗೆ ಬರುತ್ತದೆ, ಯಾವ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತದೆ ಎಂಬುದು ಪ್ರವಾಸಕ್ಕೆ ಮೊದಲೂ ಅದೇ, ಆರು ತಿಂಗಳ ನಂತರವೂ ಅದೇ. ಇಲ್ಲಿ ತಡಮಾಡಿದರೆ ಏನೂ ಪ್ರಯೋಜನವಿಲ್ಲ. ಆ ಸುಳಿವನ್ನು ಚಿತ್ರದಿಂದಲೂ ಅಡಿಬರಹದಿಂದಲೂ ತೆಗೆದೇ ಹಾಕಬೇಕು.

"ನಾವು ಎಲ್ಲವನ್ನೂ ಮರಳಿದ ಮೇಲೆಯೇ ಹಾಕುತ್ತೇವೆ, ಆದ್ದರಿಂದ ಚಿಂತೆಯಿಲ್ಲ" ಎನ್ನುವ ಪೋಷಕರು ಮೊದಲನೆಯದನ್ನು ಸರಿಯಾಗಿ ಮಾಡಿ ಎರಡನೆಯದನ್ನು ಪೂರ್ತಿ ಮರೆತಿರುತ್ತಾರೆ. ನಾನೂ ಎರಡು ವರ್ಷ ಹಾಗೆಯೇ ಮಾಡಿದೆ.

ಹೊರಡುವ ಮುನ್ನ

ಇಲ್ಲಿ ಮಾಡಬೇಕಾದದ್ದು ಸ್ವಲ್ಪವೇ. ನಿಮ್ಮ ಖಾತೆಯ ಹಳೆಯ ಚಿತ್ರಗಳನ್ನು ಒಮ್ಮೆ ಹಿಂದಕ್ಕೆ ಸರಿಸುತ್ತ ನೋಡಿ. ಮನೆಯ ಮುಂಬಾಗಿಲು, ಗೋಡೆಯ ಮೇಲಿನ ಮನೆ ಸಂಖ್ಯೆ, ನಿಲ್ಲಿಸಿದ ವಾಹನದ ನೋಂದಣಿ ಫಲಕ, ಬಾಲ್ಕನಿಯಿಂದ ಕಾಣುವ ಎದುರಿನ ಕಟ್ಟಡ ಇವುಗಳಲ್ಲಿ ಯಾವುದಾದರೂ ಸ್ಪಷ್ಟವಾಗಿದ್ದರೆ ಮನೆ ಎಲ್ಲಿದೆ ಎಂಬುದು ಆಗಲೇ ಹೊರಗೆ ಹೋಗಿದೆ ಎಂದರ್ಥ. "ಮನೆ ಎಲ್ಲಿ" ಎಂಬುದು ಗೊತ್ತಿರುವವನಿಗೆ "ಯಾವಾಗ ಖಾಲಿ" ಎಂಬುದೊಂದೇ ಬಾಕಿ ಉಳಿದಿರುತ್ತದೆ. ಅಂಥ ಚಿತ್ರಗಳನ್ನು ನಿಮಗೆ ಮಾತ್ರ ಕಾಣುವಂತೆ ಬದಲಿಸಿ.

ಎರಡನೆಯದಾಗಿ, ಇತರರು ನಿಮ್ಮನ್ನು ಟ್ಯಾಗ್ ಮಾಡಿದರೆ ಅದು ನಿಮ್ಮ ಒಪ್ಪಿಗೆಯಿಲ್ಲದೆ ನಿಮ್ಮ ಪುಟದಲ್ಲಿ ಕಾಣದಂತೆ ಖಾತೆಯನ್ನು ಹೊಂದಿಸಿ. ಜೊತೆಗೆ ಬರುವವರೊಡನೆ ಬಾಯಿಮಾತಿನಲ್ಲಿಯೇ ಒಂದು ಒಪ್ಪಂದ ಮಾಡಿಕೊಳ್ಳಿ: ಎಲ್ಲರೂ ಮನೆ ಸೇರುವವರೆಗೆ ಯಾರೂ ಗುಂಪಿನ ಚಿತ್ರವನ್ನು ಹಾಕುವುದಿಲ್ಲ. ನೀವು ಎಷ್ಟೇ ಎಚ್ಚರ ವಹಿಸಿದರೂ ಭಾವನವರು ರೈಲಿನಿಂದಲೇ ಎಲ್ಲರ ಹೆಸರು ಸೇರಿಸಿ ಒಂದು ಚಿತ್ರ ಹಾಕಿದರೆ ಅಲ್ಲಿಗೆ ಮುಗಿಯಿತು. ಮನೆಯವರೆಲ್ಲ ಹಿಂದೊಮ್ಮೆ ಮಾಡಿಕೊಂಡ ಹಂಚಿಕೆಯ ಆಲ್ಬಂ ಇದ್ದರೆ, ಹೊಸ ಫೋಟೊಗಳು ತಾವಾಗಿಯೇ ಅದಕ್ಕೆ ಸೇರುತ್ತಿವೆಯೇ ಮತ್ತು ಅದರ ಕೊಂಡಿ ಯಾರ ಕೈಯಲ್ಲಿದೆ ಎಂಬುದನ್ನೂ ನೋಡಿಕೊಳ್ಳಿ. ಕೊಂಡಿ ಇದ್ದವರೆಲ್ಲ ನೋಡಬಹುದಾದ ಆಲ್ಬಮ್ಮಿನಲ್ಲಿ ನಿಮ್ಮ ಪ್ರವಾಸ ನೇರ ಪ್ರಸಾರವಾಗುತ್ತಿರುತ್ತದೆ.

ಪ್ರವಾಸದ ನಡುವೆ

ಫೋಟೊಗಳನ್ನು ಧಾರಾಳವಾಗಿ ತೆಗೆಯಿರಿ. ಕ್ಯಾಮೆರಾದ ಸ್ಥಳ ಮಾಹಿತಿಯನ್ನು ಪೂರ್ತಿ ಆರಿಸಿಬಿಡಿ ಎಂದು ಹಲವರು ಸಲಹೆ ಕೊಡುತ್ತಾರೆ. ನಾನು ಆರಿಸುವುದಿಲ್ಲ. ಹದಿನೈದು ವರ್ಷದ ನಂತರ ಮಗಳು "ಇದು ಯಾವ ದಡ?" ಎಂದು ಕೇಳಿದಾಗ ಉತ್ತರ ಆ ಮಾಹಿತಿಯಲ್ಲಿಯೇ ಇರುತ್ತದೆ. ನಮ್ಮ ಮೂಲ ಸಂಗ್ರಹದಲ್ಲಿ ಅದು ಉಳಿಯಲಿ, ಹೊರಗೆ ಹೋಗುವ ಪ್ರತಿಯಿಂದ ಮಾತ್ರ ಅಳಿಸಿದರೆ ಸಾಕು. ಪ್ರತಿ ಸಲವೂ ಅಳಿಸುವ ಶಿಸ್ತು ತಮ್ಮಲ್ಲಿಲ್ಲ ಎನ್ನುವವರು ಮಾತ್ರ ಕ್ಯಾಮೆರಾ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಅದನ್ನು ಆರಿಸಿಡುವುದು ಒಳ್ಳೆಯದು.

ಮನೆಯ ಹಿರಿಯರಿಗೂ ಮನೆ ನೋಡಿಕೊಳ್ಳುವವರಿಗೂ ಅಂದಂದೇ ಚಿತ್ರ ಕಳುಹಿಸುವುದರಲ್ಲಿ ತಪ್ಪಿಲ್ಲ, ಏಕೆಂದರೆ ನೀವು ಊರಿನಲ್ಲಿಲ್ಲ ಎಂಬುದು ಅವರಿಗೆ ಮೊದಲೇ ಗೊತ್ತು. ಆದರೆ ಅದಕ್ಕೆ ನಾಲ್ಕೈದು ಮಂದಿಯ ಪುಟ್ಟ ಗುಂಪು ಸಾಕು. ನೂರು ಮಂದಿಯ ಕುಟುಂಬದ ಗುಂಪು, ಮಗುವಿನ ತರಗತಿಯ ಪೋಷಕರ ಗುಂಪು, ಬಡಾವಣೆಯ ಗುಂಪು ಇವೆಲ್ಲ ಹೆಸರಿಗೆ ಮಾತ್ರ ಖಾಸಗಿ. ಚಿತ್ರದೊಂದಿಗೆ "ನಾವು ಬರುವವರೆಗೆ ಮುಂದಕ್ಕೆ ಕಳುಹಿಸಬೇಡಿ" ಎಂಬ ಒಂದು ಸಾಲನ್ನೂ ಬರೆಯಿರಿ. ಹಿರಿಯರಿಗೆ ಇದನ್ನು ಹೇಳಲು ಸಂಕೋಚಪಡಬೇಕಾಗಿಲ್ಲ. ಕಾರಣ ತಿಳಿಸಿದರೆ ನಮಗಿಂತ ಹೆಚ್ಚು ಕಟ್ಟುನಿಟ್ಟಾಗಿ ಅವರೇ ಪಾಲಿಸುತ್ತಾರೆ.

ಇಪ್ಪತ್ತನಾಲ್ಕು ಗಂಟೆಗಳಲ್ಲಿ ಮಾಯವಾಗುವ ಸ್ಟೋರಿಗಳ ವಿಷಯದಲ್ಲಿ ಮೋಸಹೋಗಬೇಡಿ. ಸ್ಟೋರಿ ಅಳಿಯುವುದು ನಾಳೆ, ಆದರೆ ಮನೆ ಖಾಲಿಯಿರುವುದು ಇಂದು. ಮರೆಮಾಡಬೇಕಾದ ಅವಧಿಯಲ್ಲಿಯೇ ಅದು ಎಲ್ಲರಿಗೂ ಕಾಣುತ್ತದೆ. ಹೊರಡುವ ಸಂಭ್ರಮದಲ್ಲಿ ಟಿಕೆಟ್ಟಿನ ಅಥವಾ ಬೋರ್ಡಿಂಗ್ ಪಾಸಿನ ಚಿತ್ರ ಹಾಕುವ ಅಭ್ಯಾಸವೂ ಅಂಥದ್ದೇ. ಅದರ ಮೇಲೆ ಹೆಸರು ಮತ್ತು ದಿನಾಂಕ ಇರುತ್ತವೆ. ಕಾಯ್ದಿರಿಸಿದ ಸಂಖ್ಯೆಯು ಅಕ್ಷರದಲ್ಲಿ ಕಾಣದಿದ್ದರೂ ಬಾರ್‌ಕೋಡ್‌ನಿಂದ ಓದಬಹುದು. ಹಲವೆಡೆ ಆ ಸಂಖ್ಯೆ ಮತ್ತು ಉಪನಾಮ ಎರಡಿದ್ದರೆ ಹಿಂದಿರುಗುವ ಪ್ರಯಾಣದ ವಿವರ ತೆರೆದುಕೊಳ್ಳುತ್ತದೆ.

ಮರಳಿದ ಮೇಲೆ: ಒಂದು ಚಿತ್ರವನ್ನು ಹತ್ತಿರದಿಂದ ನೋಡುವುದು

ಆ ಎಂಟು ದಿನಗಳ ಪ್ರವಾಸದಲ್ಲಿ ನಾವು ತೆಗೆದದ್ದು 412 ಫೋಟೊಗಳು. ನಾನು ಆಗಲೇ ಹಾಕಿದ್ದನ್ನೆಲ್ಲ ತೆಗೆದುಹಾಕಿ, ಹೊಸದಾಗಿ 12 ಚಿತ್ರಗಳ ಸರಣಿಯನ್ನು ಕಟ್ಟಿದೆ. ಆಗ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಮೊದಲ ದಿನದ ಒಂದು ಚಿತ್ರ. ಶಾಲೆ ಬಿಟ್ಟ ಕೂಡಲೇ ಮಗಳನ್ನು ನೇರವಾಗಿ ರೈಲು ನಿಲ್ದಾಣಕ್ಕೆ ಕರೆತಂದಿದ್ದೆವು. ಪ್ಲಾಟ್‌ಫಾರಂನಲ್ಲಿ ನಿಂತು, ಬೆನ್ನಿಗೆ ಚೀಲ ಹಾಕಿಕೊಂಡು, ಎರಡೂ ಕೈ ಮೇಲೆತ್ತಿ ನಗುತ್ತಿದ್ದಾಳೆ. ಎಲ್ಲರಿಗೂ ಇಷ್ಟವಾದ ಚಿತ್ರ ಅದೇ.

ಅದನ್ನು ಪರದೆಯ ತುಂಬ ದೊಡ್ಡದು ಮಾಡಿ, ಮುಖವನ್ನು ಬಿಟ್ಟು ಉಳಿದದ್ದನ್ನು ಮಾತ್ರ ನೋಡಿದೆ. ಮಗುವಿನ ಚಿತ್ರದಲ್ಲಿ ನಮ್ಮ ಕಣ್ಣು ಮುಖಕ್ಕೇ ಹೋಗಿ ಅಲ್ಲಿಯೇ ನಿಲ್ಲುವುದರಿಂದ, ಹೆಬ್ಬೆರಳಿನಿಂದ ಮುಖವನ್ನು ಮುಚ್ಚಿ ನೋಡುವುದು ಬಹಳ ಉಪಯುಕ್ತ. ಅಂಗಿಯ ಜೇಬಿನ ಮೇಲೆ ಶಾಲೆಯ ಲಾಂಛನವಿತ್ತು. ಕೊರಳ ಪಟ್ಟಿಯಲ್ಲಿ ತೂಗುತ್ತಿದ್ದ ಗುರುತಿನ ಚೀಟಿ ಮಗ್ಗುಲಾಗಿದ್ದರೂ ಪಟ್ಟಿಯ ಉದ್ದಕ್ಕೂ ಶಾಲೆಯ ಹೆಸರು ನೇಯ್ದಿತ್ತು. ಚೀಲದ ಪಕ್ಕದ ಜೇಬಿನಲ್ಲಿದ್ದ ನೀರಿನ ಬಾಟಲಿಗೆ ನಾನೇ ಅಂಟಿಸಿದ್ದ ಚೀಟಿಯಲ್ಲಿ ಅವಳ ಹೆಸರು, ತರಗತಿ ಮತ್ತು ವಿಭಾಗ ಇದ್ದವು. ಹಿಂದೆ, ಪ್ಲಾಟ್‌ಫಾರಂನ ಗಡಿಯಾರದಲ್ಲಿ 16:42 ಎಂದಿತ್ತು. ಈ ನಾಲ್ಕನ್ನೂ ಒಟ್ಟಿಗೆ ಇಟ್ಟರೆ, ಇಂಥ ಹೆಸರಿನ ಮಗು ಇಂಥ ಶಾಲೆಯ ಇಂಥ ತರಗತಿಯಿಂದ 16:42ಕ್ಕೆ ಮೊದಲೇ ಹೊರಬರುತ್ತದೆ ಎಂಬ ಪೂರ್ಣ ವಾಕ್ಯ ಸಿದ್ಧವಾಗುತ್ತದೆ. ಅಪರಿಚಿತನೊಬ್ಬ ಶಾಲೆಯ ಗೇಟಿನ ಬಳಿ ಮಗುವನ್ನು ಹೆಸರು ಹಿಡಿದು ಕರೆಯಲು ಇನ್ನೇನೂ ಬೇಕಾಗಿಲ್ಲ.

ಇಂಥ ಚಿತ್ರವನ್ನು ಏನು ಮಾಡಬೇಕು? ಮೂರು ದಾರಿಗಳಿವೆ. ಮೊದಲನೆಯದು ಮುಖ ಮತ್ತು ಮೇಲೆತ್ತಿದ ಕೈಗಳಷ್ಟೇ ಉಳಿಯುವಂತೆ ಕತ್ತರಿಸುವುದು. ಎರಡನೆಯದು ಲಾಂಛನ, ಪಟ್ಟಿ, ಚೀಟಿ ಮತ್ತು ಗಡಿಯಾರಗಳನ್ನು ಮುಚ್ಚುವುದು. ಆದರೆ ನಾಲ್ಕು ಕಡೆ ಮುಚ್ಚಿದ ಚಿತ್ರವನ್ನು ನೋಡುವವರು ನಗುವನ್ನಲ್ಲ, ಮುಚ್ಚಿದ ಜಾಗಗಳನ್ನೇ ನೋಡುತ್ತಾರೆ. ಅಲ್ಲದೆ ಸಮವಸ್ತ್ರದ ಬಣ್ಣ ಮತ್ತು ಪಟ್ಟೆಗಳು ಉಳಿದೇ ಉಳಿಯುತ್ತವೆ, ಲಾಂಛನವಿಲ್ಲದಿದ್ದರೂ ಊರಿನವರಿಗೆ ಅಷ್ಟು ಸಾಕು. ಮೂರನೆಯ ದಾರಿ, ನಾನು ಆರಿಸಿಕೊಂಡದ್ದು, ಅದೇ ಸಂತೋಷವನ್ನು ಹೇಳುವ ಬೇರೊಂದು ಚಿತ್ರವನ್ನು ಹುಡುಕುವುದು. ಮರುದಿನ ಬೆಳಗ್ಗೆ ಬಟ್ಟೆ ಬದಲಿಸಿ, ರೈಲಿನ ಕಿಟಕಿಗೆ ಗಲ್ಲ ಆನಿಸಿ ಹೊರಗೆ ನೋಡುತ್ತಿದ್ದ ಚಿತ್ರವೊಂದಿತ್ತು. ಸರಣಿಗೆ ಅದು ಹೋಯಿತು, ಪ್ಲಾಟ್‌ಫಾರಂನ ಚಿತ್ರ ಮನೆಯ ಆಲ್ಬಮ್ಮಿನಲ್ಲಿ ಉಳಿಯಿತು.

ಈ ಬಗೆಯ ಸುಳಿವುಗಳು ಅನಿರೀಕ್ಷಿತ ಜಾಗಗಳಲ್ಲಿ ಸಿಗುತ್ತವೆ. ರೈಲಿನಲ್ಲಿ ತೆರೆದಿಟ್ಟ ಮನೆಗೆಲಸದ ಪುಸ್ತಕದ ಮೇಲಿನ ಚೀಟಿ, ಬೆನ್ನಿನಲ್ಲಿ ಹೆಸರು ಅಚ್ಚಾದ ಕ್ರೀಡಾ ಅಂಗಿ, ವಾರದ ಒಂದು ದಿನ ಕಲಿಯುವ ಈಜು ತರಗತಿಯ ಟೋಪಿ, ಹೋಟೆಲಿನ ಕನ್ನಡಿಯಲ್ಲಿ ಪ್ರತಿಫಲಿಸಿದ ಶಾಲೆಯ ಚೀಲ ಇವು ನನ್ನ ಕಣ್ಣಿಗೆ ಎರಡನೆಯ ಸುತ್ತಿನಲ್ಲಿಯೇ ಬಿದ್ದವು. ವೀಡಿಯೊ ಇದ್ದರೆ ಧ್ವನಿಯನ್ನೂ ಕೇಳಬೇಕು, ಮಗುವನ್ನು ಪೂರ್ಣ ಹೆಸರಿನಿಂದ ಕೂಗಿದ್ದು ಅದರಲ್ಲಿರಬಹುದು. ಐಫೋನಿನ ಲೈವ್ ಫೋಟೊ ಒತ್ತಿದ ಕ್ಷಣಕ್ಕೆ ಒಂದೂವರೆ ಸೆಕೆಂಡು ಮೊದಲಿನಿಂದ ಒಂದೂವರೆ ಸೆಕೆಂಡು ನಂತರದವರೆಗೆ ದೃಶ್ಯವನ್ನೂ ಧ್ವನಿಯನ್ನೂ ಹಿಡಿಯುತ್ತದೆ. ಸ್ಥಿರಚಿತ್ರದಲ್ಲಿ ಕಾಣದ ಚೀಲ ಆ ಕ್ಷಣಗಳಲ್ಲಿ ಕಾಣಬಹುದಾದ್ದರಿಂದ ಅದನ್ನು ಸ್ಥಿರಚಿತ್ರವಾಗಿಯೇ ಕಳುಹಿಸಿ.

ಮುಚ್ಚಲೇಬೇಕಾದ ಸಂದರ್ಭದಲ್ಲಿ ಮಸುಕು ಮಾಡುವುದನ್ನು ನಂಬಬೇಡಿ. ಅಕ್ಷರಗಳ ಮೇಲಿನ ತೆಳುವಾದ ಮಸುಕನ್ನೂ ಚೌಕಚೌಕವಾಗಿ ಒಡೆದ ಚಿತ್ರವನ್ನೂ ಕೆಲವೊಮ್ಮೆ ಊಹಿಸಿ ಓದಬಹುದು. ಫೋನಿನ ಬಣ್ಣದ ಪೆನ್ನಿನಲ್ಲಿ ಹೈಲೈಟರ್ ಬಗೆಯದು ಪಾರದರ್ಶಕ. ಎಷ್ಟು ಸಲ ಗೀಚಿದರೂ, ಚಿತ್ರದ ಹೊಳಪನ್ನು ಹೆಚ್ಚಿಸಿದರೆ ಅಡಿಯ ಅಕ್ಷರ ಮೇಲೇಳಬಹುದು. ಪೂರ್ಣ ಬಣ್ಣ ತುಂಬಿದ ಆಯತವನ್ನು ಬಳಸಿ, ಇಲ್ಲವೇ ಕತ್ತರಿಸಿ. ಕತ್ತರಿಸಿದ್ದು ನಿಜಕ್ಕೂ ಹೋಗಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಪಿಕ್ಸೆಲ್ ಫೋನುಗಳ ಮಾರ್ಕಪ್ ಸಾಧನದಲ್ಲಿ ಕತ್ತರಿಸಿದ ಭಾಗದ ಮಾಹಿತಿ ಕಡತದಲ್ಲಿಯೇ ಉಳಿದು, ಅದನ್ನು ಭಾಗಶಃ ಮರಳಿ ಪಡೆಯಬಹುದಾಗಿತ್ತು ಎಂಬುದು 2023ರಲ್ಲಿ ಬೆಳಕಿಗೆ ಬಂದು, ಆ ದೋಷವನ್ನು ಸರಿಪಡಿಸಲಾಯಿತು. ಐಫೋನಿನಲ್ಲಿ ಹಂಚುವಾಗ Options ಒಳಗಿನ All Photos Data ಆನ್ ಆಗಿದ್ದರೆ ಮೂಲಚಿತ್ರ ಮತ್ತು ತಿದ್ದುಪಡಿಯ ಇತಿಹಾಸವೂ ಜೊತೆಗೆ ಹೋಗುತ್ತದೆ. ಅದು ಆಫ್ ಆಗಿರಬೇಕು.

ಸರಣಿಯನ್ನು ದಿನದ ಕ್ರಮದಲ್ಲಿ ಕಟ್ಟಬೇಡಿ

ಮೊದಲ ದಿನ, ಎರಡನೆಯ ದಿನ ಎಂದು ಜೋಡಿಸುವುದು ಎಲ್ಲರಿಗೂ ತಟ್ಟನೆ ಹೊಳೆಯುವ ಕ್ರಮ. ಆ ಸರಣಿ ಕ್ಯಾಲೆಂಡರಿನಂತೆ ಇರುತ್ತದೆ. ಎಷ್ಟು ದಿನ ಹೋಗಿದ್ದಿರಿ ಎಂಬುದು ಅದರಲ್ಲಿ ಎಣಿಸಲು ಸಿಗುತ್ತದೆ, ಮುಂದಿನ ವರ್ಷವೂ ಇದೇ ಹೊತ್ತಿನಲ್ಲಿ ಇಷ್ಟೇ ದಿನ ಹೋಗಬಹುದು ಎಂಬ ಊಹೆಗೂ ದಾರಿಯಾಗುತ್ತದೆ. ಶಾಲೆಯ ರಜೆಯ ದಿನಗಳು ಶಾಲೆಯಿಂದ ಶಾಲೆಗೆ ಬೇರೆಯಾಗಿರುವ ಕಡೆ, ಹೊರಟ ದಿನ ಮತ್ತು ಮರಳಿದ ದಿನ ಎರಡು ಸಿಕ್ಕರೆ ಮಗು ಓದುವ ಶಾಲೆಯನ್ನು ಕೆಲವಕ್ಕೆ ಇಳಿಸಿಬಿಡಬಹುದು.

ನಾನು ಆ 12 ಚಿತ್ರಗಳನ್ನು ನೀರು ಎಂಬ ಒಂದೇ ಎಳೆಯಲ್ಲಿ ಪೋಣಿಸಿದೆ. ಕಿಟಕಿಯ ಗಾಜಿನ ಮೇಲೆ ಓರೆಯಾಗಿ ಓಡುವ ಮಳೆಹನಿಯಿಂದ ಆರಂಭವಾಗಿ, ಮರಳಿನ ಗುಂಡಿಯಲ್ಲಿ ನಿಂತ ನೀರು, ಅಲೆಗೆ ಹೆದರಿ ಹಿಂದಕ್ಕೆ ಓಡುತ್ತಿರುವ ಮಗಳು, ಸಂಜೆ ಒಣಗಲು ಹಾಕಿದ ಒದ್ದೆ ಬಟ್ಟೆಗಳು, ಕೊನೆಗೆ ಬಕೆಟ್ಟಿನ ತಳದಲ್ಲಿ ಉಳಿದ ಚಿಪ್ಪುಗಳು. ಮಳೆಯ ಚಿತ್ರ ನಿಜವಾಗಿ ಐದನೆಯ ದಿನದ್ದು, ಚಿಪ್ಪುಗಳದ್ದು ಎರಡನೆಯ ದಿನದ್ದು. ನೋಡುವವರಿಗೆ ಅದು ಬೇಕಾಗಿಯೂ ಇಲ್ಲ, ತಿಳಿಯುವುದೂ ಇಲ್ಲ. ಸರಣಿಯಾಗಿಯೂ ಅದು ನನ್ನ ಹಿಂದಿನ ದಿನಚರಿಯಂಥ ಪೋಸ್ಟುಗಳಿಗಿಂತ ಬಹಳ ಚೆನ್ನಾಗಿ ಬಂದಿತು, ಏಕೆಂದರೆ ಒಂದು ಎಳೆಯನ್ನು ಹಿಡಿದಾಗ ಅದಕ್ಕೆ ಸೇರದ ಚಿತ್ರಗಳನ್ನು ಬಿಡುವುದು ಸುಲಭವಾಗುತ್ತದೆ. ನೆರಳುಗಳು, ಬಾಗಿಲುಗಳು, ಕೈಗಳು, ಒಂದೇ ಬಣ್ಣ ಹೀಗೆ ಯಾವ ಎಳೆಯಾದರೂ ಆಗಬಹುದು.

ಎರಡು ಚಿತ್ರಗಳನ್ನು ಮಾತ್ರ ಯಾವ ಎಳೆಗೂ ಸೇರಿಸಬೇಡಿ. ಬಾಗಿಲ ಬಳಿ ಸಾಲಾಗಿ ಇಟ್ಟ ಸೂಟ್‌ಕೇಸುಗಳ ಚಿತ್ರ ಒಂದು, ಮರಳಿ ಬಂದು ಮನೆಯ ಮೆಟ್ಟಿಲ ಮೇಲೆ ದಣಿದು ಕುಳಿತ ಚಿತ್ರ ಇನ್ನೊಂದು. ಇವೆರಡನ್ನೂ ಮನೆಯಲ್ಲಿ ತೆಗೆದಿರುವುದರಿಂದ ಅವುಗಳ ಕಡತದಲ್ಲಿ ಮನೆಯದೇ ಅಕ್ಷಾಂಶ ಮತ್ತು ರೇಖಾಂಶ ಇರುತ್ತವೆ. ಚಿತ್ರದೊಳಗೆ ಮನೆಯ ಬಾಗಿಲು ಮತ್ತು ಬೀಗವೂ ಕಾಣುತ್ತವೆ.

ಅಡಿಬರಹ

ಚಿತ್ರದಲ್ಲಿ ಇಲ್ಲದ್ದನ್ನು ಅಡಿಬರಹ ಬಾಯಿಬಿಡುತ್ತದೆ. ನಾನು ಹಿಂದೆ ಬರೆದಿದ್ದ ಒಂದು ಸಾಲು ಹೀಗಿತ್ತು: "ಇಂದಿಗೆ ನಾಲ್ಕು ದಿನ, ಇನ್ನೂ ನಾಲ್ಕು ದಿನ ಸಮುದ್ರದ ಮಡಿಲಲ್ಲಿ." ಇದು ಮನೆಗೆ ಹಾಕಿದ ಬೀಗದ ಲೆಕ್ಕ. ಅದರ ಬದಲು ಈಗ ಇರುವ ಸಾಲು: "ಅಲೆ ಬಂದಾಗಲೆಲ್ಲ ಕಿರುಚಿಕೊಂಡು ಹಿಂದಕ್ಕೆ ಓಡುವುದು, ಅದು ಹೋದ ಕೂಡಲೇ ಬೆನ್ನಟ್ಟಿ ಹೋಗುವುದು." ದಿನ, ವಾರ, ಎಣಿಕೆ ಯಾವುದೂ ಇಲ್ಲ. ಕಂಡದ್ದು ಮಾತ್ರ ಇದೆ.

ಶಾಲೆಯ ವಿಷಯದ ಸಾಲುಗಳು ಇನ್ನೂ ಸೂಕ್ಷ್ಮ. "ಶುಕ್ರವಾರ ಶಾಲೆಗೆ ರಜೆ ಹಾಕಿಸಿ ಹೊರಟೆವು", "ನಾಳೆಯಿಂದ ಮತ್ತೆ ಏಳೂವರೆಯ ಬಸ್ಸು", "ಸಂಜೆಯ ನೃತ್ಯ ತರಗತಿ ತಪ್ಪಿತೆಂದು ಅಳು" ಈ ಮೂರೂ ನಿರುಪದ್ರವಿ ಎನಿಸುತ್ತವೆ, ಮೂರೂ ಮುಂದಿನ ವಾರದ ವೇಳಾಪಟ್ಟಿಯನ್ನು ಹೇಳುತ್ತವೆ. ಅಡಿಬರಹವನ್ನು ಬರೆದ ಮೇಲೆ ಅದರಲ್ಲಿ ವಾರದ ಹೆಸರು, ಗಂಟೆ, "ನಾಳೆ", "ಮತ್ತೆ", "ಪ್ರತಿ ವರ್ಷ" ಎಂಬ ಪದಗಳಿವೆಯೇ ಎಂದು ಹುಡುಕಿ, ಇದ್ದರೆ ಆ ವಾಕ್ಯವನ್ನೇ ಹೊಸದಾಗಿ ಬರೆಯಿರಿ. ಪದವೊಂದನ್ನು ಕಿತ್ತುಹಾಕಿದರೆ ವಾಕ್ಯ ಕುಂಟುತ್ತದೆ, ಸುಳಿವು ಹಾಗೆಯೇ ಉಳಿಯುತ್ತದೆ.

ಸ್ಥಳದ ಹೆಸರನ್ನು ಬರೆಯಬಹುದೇ? ಮರಳಿ ಬಂದಿದ್ದರೆ ಬರೆಯಬಹುದು. ಪದೇ ಪದೇ ಅದೇ ಬಂಧುಗಳ ಮನೆಗೆ ಅಥವಾ ಅದೇ ಬಾಡಿಗೆ ಮನೆಗೆ ಹೋಗುವವರು ಮಾತ್ರ ಬರೆಯದಿರುವುದು ಲೇಸು, ಏಕೆಂದರೆ ಅವರ ಪಾಲಿಗೆ ಆ ಸ್ಥಳವೂ ದಿನಚರಿಯ ಭಾಗವೇ.

ಕಡತದೊಳಗಿನದನ್ನು ಅಳಿಸುವುದು

ಫೋನ್ ಪ್ರತಿ ಚಿತ್ರದ ಕಡತದಲ್ಲಿ, ಕಣ್ಣಿಗೆ ಕಾಣದಂತೆ, ತೆಗೆದ ದಿನಾಂಕ, ಗಂಟೆ, ನಿಮಿಷ, ಸೆಕೆಂಡು ಮತ್ತು ಸ್ಥಳವನ್ನು ಬರೆದಿಡುತ್ತದೆ. ಇದಕ್ಕೆ ಎಕ್ಸಿಫ್ ಮಾಹಿತಿ ಎನ್ನುತ್ತಾರೆ. ಅಕ್ಷಾಂಶದ ಒಂದು ಸೆಕೆಂಡ್ ಎಂದರೆ ನೆಲದ ಮೇಲೆ ಸುಮಾರು 31 ಮೀಟರ್. ಫೋನು ಸೆಕೆಂಡಿನ ಭಿನ್ನರಾಶಿಯನ್ನೂ ಬರೆಯುವುದರಿಂದ, ಸಂಕೇತ ಚೆನ್ನಾಗಿ ಸಿಕ್ಕಿದ್ದರೆ ಬೀದಿಯಷ್ಟೇ ಅಲ್ಲ, ಮನೆಯೇ ಗುರುತು ಸಿಗುತ್ತದೆ.

ದೊಡ್ಡ ಸಾಮಾಜಿಕ ಜಾಲತಾಣಗಳು ಎಲ್ಲರಿಗೂ ಕಾಣುವ ಪ್ರತಿಯಿಂದ ಈ ಮಾಹಿತಿಯನ್ನು ಸಾಮಾನ್ಯವಾಗಿ ತೆಗೆಯುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳುಹಿಸಿದರೂ ಹಾಗೆಯೇ. ಅದೇ ಚಿತ್ರವನ್ನು "ಗುಣಮಟ್ಟ ಕೆಡಬಾರದು" ಎಂದು ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಕಡತ ಇದ್ದಂತೆಯೇ ಹೋಗುತ್ತದೆ. ಇ-ಮೇಲ್ ಮತ್ತು ಡ್ರೈವ್ ಕೊಂಡಿಗಳಲ್ಲಿಯೂ ಹೀಗೆಯೇ. ಆದ್ದರಿಂದ ಬೇರೆಯವರು ತೆಗೆಯುತ್ತಾರೆ ಎಂದು ಕೂರದೆ ನಾವೇ ತೆಗೆದು ಕಳುಹಿಸುವುದು ಒಳ್ಳೆಯದು.

ಐಫೋನಿನಲ್ಲಿ ಹಂಚುವ ಪರದೆಯ ಮೇಲ್ಭಾಗದ Options ಒತ್ತಿ Location ಆಫ್ ಮಾಡಿದರೆ ಕಳುಹಿಸುವ ಪ್ರತಿಯಲ್ಲಿ ಸ್ಥಳ ಇರುವುದಿಲ್ಲ. ದಿನಾಂಕ ಉಳಿಯಬಹುದು. ಕಂಪ್ಯೂಟರ್ ಬಳಸುವವರಿಗೆ ಎಕ್ಸಿಫ್‌ಟೂಲ್ ಎಂಬ ಉಚಿತ ಸಾಧನವಿದೆ. ಆರಿಸಿದ 12 ಚಿತ್ರಗಳ ಪ್ರತಿಗಳನ್ನು ಒಂದು ಹೊಸ ಫೋಲ್ಡರಿಗೆ ಹಾಕಿ, ಆ ಫೋಲ್ಡರಿನಲ್ಲಿ ಟರ್ಮಿನಲ್ ತೆರೆದು, ಮೊದಲು ಏನಿದೆ ಎಂದು ಈ ಆದೇಶದಿಂದ ನೋಡಿ:

```
exiftool -FileName -DateTimeOriginal -GPSPosition *.jpg
```

ಆನಂತರ ಅಳಿಸಿ:

```
exiftool -all= --icc_profile:all -tagsfromfile @ -orientation *.jpg
```

ಎಲ್ಲವನ್ನೂ ಕಣ್ಣುಮುಚ್ಚಿ ಅಳಿಸಿದರೆ ಎರಡು ತೊಂದರೆಗಳಾಗುತ್ತವೆ: ಉದ್ದುದ್ದವಾಗಿ ತೆಗೆದ ಚಿತ್ರಗಳು ಮಗ್ಗುಲಾಗಿ ಮಲಗುತ್ತವೆ, ಬಣ್ಣಗಳು ಸ್ವಲ್ಪ ಬದಲಾಗಬಹುದು. ಮೇಲಿನ ಆದೇಶ ಚಿತ್ರದ ದಿಕ್ಕು ಮತ್ತು ಬಣ್ಣದ ವಿವರ ಎರಡನ್ನು ಮಾತ್ರ ಉಳಿಸಿಕೊಂಡು ಉಳಿದದ್ದನ್ನು ತೆಗೆಯುತ್ತದೆ. ಸಾಧನವು ಪ್ರತಿ ಕಡತದ ಹಳೆಯ ಪ್ರತಿಯನ್ನು ಹೆಸರಿನ ಕೊನೆಗೆ `_original` ಸೇರಿಸಿ ಅದೇ ಫೋಲ್ಡರಿನಲ್ಲಿ ಇಡುತ್ತದೆ. ಇಡೀ ಫೋಲ್ಡರನ್ನು ಹಂಚಿದರೆ ಅಳಿಸದ ಪ್ರತಿಗಳೂ ಹೋಗಿಬಿಡುವುದರಿಂದ ಅವನ್ನು ಮೊದಲೇ ತೆಗೆದುಹಾಕಿ. ಕೊನೆಗೆ ಮೊದಲ ಆದೇಶವನ್ನು ಮತ್ತೊಮ್ಮೆ ಓಡಿಸಿ, ಕಡತದ ಹೆಸರನ್ನು ಬಿಟ್ಟು ಬೇರೇನೂ ಬರದಿದ್ದರೆ ಕೆಲಸ ಸರಿಯಾಗಿದೆ.

ಆ ಹೆಸರನ್ನೂ ಬಿಡಬೇಡಿ. `IMG_20240512_164210.jpg` ಎಂಬ ಹೆಸರಿನಲ್ಲಿ ದಿನಾಂಕ ಮತ್ತು ಗಂಟೆ ನೇರವಾಗಿಯೇ ಇವೆ. `neeru-01.jpg` ಎಂಬಂತೆ ಸರಣಿಯ ಕ್ರಮದಲ್ಲಿ ಹೊಸ ಹೆಸರು ಕೊಡಿ.

ಹಾಕುವ ದಿನ

ಎಲ್ಲರೂ ಮನೆ ಸೇರಿ, ಮಗು ಶಾಲೆಗೆ ಹೋಗತೊಡಗಿ ಕೆಲವು ದಿನ ಕಳೆದ ಮೇಲೆ, ಇಡೀ ಸರಣಿಯನ್ನು ಒಂದೇ ಸಲ ಹಾಕಿ. ದಿನಕ್ಕೊಂದರಂತೆ ಹಾಕುವ ಆಸೆ ಬರುತ್ತದೆ, ಆದರೆ ಅದರಲ್ಲಿ ವಿಚಿತ್ರವಾದ ಅಪಾಯವೊಂದಿದೆ. ನೋಡುವವರು ನೀವಿನ್ನೂ ಊರಿನಲ್ಲಿಲ್ಲ ಎಂದುಕೊಳ್ಳುತ್ತಾರೆ. ಮನೆ ಖಾಲಿಯಿದೆ ಎಂದು ತಪ್ಪಾಗಿ ನಂಬಿ ಬಂದ ಕಳ್ಳ ಒಳಗೆ ಮಲಗಿರುವವರನ್ನು ಎದುರಿಸುವುದು, ನಿಜವಾಗಿ ಖಾಲಿ ಮನೆಗೆ ಬರುವುದಕ್ಕಿಂತ ಕೆಟ್ಟದ್ದು. ಆದ್ದರಿಂದ ಮೊದಲ ಸಾಲಿನಲ್ಲಿಯೇ ಇದು ಮುಗಿದ ಪ್ರವಾಸ ಎಂಬುದು ತಿಳಿಯುವಂತೆ ಬರೆಯಿರಿ. "ಕೆಲವು ಕಾಲದ ಹಿಂದೆ ನೋಡಿದ ನೀರು" ಎಂದರೆ ಸಾಕು.

ಪ್ರತಿಕ್ರಿಯೆಗಳು ಸರಣಿಯ ಭಾಗವೇ ಎಂದು ಭಾವಿಸಿ. ಚಿಕ್ಕಮ್ಮನಂಥವರು ಕೇಳಿಯೇ ಕೇಳುತ್ತಾರೆ. "ಎಷ್ಟು ದಿನ ಹೋಗಿದ್ರಿ? ಶಾಲೆಗೆ ತೊಂದರೆ ಆಗಲಿಲ್ವಾ?" ಎಂಬುದಕ್ಕೆ ಅಲ್ಲಿಯೇ ಉತ್ತರಿಸದೆ ಫೋನ್ ಮಾಡಿ ಮಾತನಾಡಿ. ಅವರಿಗೆ ಅದು ಹೆಚ್ಚು ಸಂತೋಷ. ಯಾರಾದರೂ ಮಗುವಿನ ಶಾಲೆಯ ಹೆಸರನ್ನು ಬರೆದರೆ ಆ ಪ್ರತಿಕ್ರಿಯೆಯನ್ನು ತೆಗೆದು, ಕಾರಣವನ್ನು ಅವರಿಗೆ ಖಾಸಗಿಯಾಗಿ ತಿಳಿಸಿ. ಚಿತ್ರದಲ್ಲಿ ಬೇರೆಯವರ ಮಕ್ಕಳಿದ್ದರೆ ಅವರ ತಂದೆತಾಯಿಯನ್ನು ಮೊದಲೇ ಕೇಳಿರಬೇಕು. ನಿಮ್ಮ ಮಗುವಿಗೆ ಅರ್ಥವಾಗುವ ವಯಸ್ಸಾಗಿದ್ದರೆ ಅವಳನ್ನೂ ಕೇಳಬೇಕು. ನನ್ನ ಮಗಳು ಬೇಡವೆಂದ ಒಂದು ಚಿತ್ರವನ್ನು ನಾನು ತೆಗೆದದ್ದರಿಂದಲೇ 12 ಇದ್ದದ್ದು 11 ಆಯಿತು.

ಈ ಕ್ರಮಕ್ಕೂ ಮಿತಿಗಳಿವೆ. ನೀವು ಮೂಲ ಕಡತವನ್ನು ಕೊಟ್ಟ ಜಾಲತಾಣದ ಬಳಿ ಅದರ ಮಾಹಿತಿ ಇರುತ್ತದೆ. ನಿಮ್ಮನ್ನು ಹತ್ತಿರದಿಂದ ಬಲ್ಲವರಿಗೆ ಮಗುವಿನ ಶಾಲೆ ಗೊತ್ತೇ ಇರುತ್ತದೆ. ಒಮ್ಮೆ ಬಹಿರಂಗವಾದ ಚಿತ್ರದ ಸ್ಕ್ರೀನ್‌ಶಾಟ್ ಎಲ್ಲಿದೆ ಎಂದು ಯಾರೂ ಹೇಳಲಾರರು. ಈ ಕ್ರಮ ತಡೆಯುವುದು ನಿಮ್ಮನ್ನು ಅರಿಯದವನೊಬ್ಬ ಪುಟವನ್ನು ಓದಿ ವೇಳಾಪಟ್ಟಿಯನ್ನು ಕಟ್ಟಿಕೊಳ್ಳುವುದನ್ನು.

ಹಾಕುವ ಮೊದಲಿನ ಕೊನೆಯ ಪರೀಕ್ಷೆಗೆ ಇನ್ನೊಬ್ಬರು ಬೇಕು. ನೀವು ಯಾವಾಗ ಹೋಗಿದ್ದಿರಿ ಎಂಬುದು ತಿಳಿಯದ ಗೆಳೆಯರೊಬ್ಬರಿಗೆ ಚಿತ್ರಗಳನ್ನೂ ಅಡಿಬರಹಗಳನ್ನೂ ಕೊಟ್ಟು, ಹತ್ತು ನಿಮಿಷ ನೋಡಿ ಮೂರು ಪ್ರಶ್ನೆಗಳಿಗೆ ಊಹೆಯಿಂದಲಾದರೂ ಉತ್ತರಿಸಲು ಹೇಳಿ: ಮನೆ ಯಾವ ದಿನಗಳಲ್ಲಿ ಖಾಲಿ ಇತ್ತು, ಮಗು ಎಲ್ಲಿ ಓದುತ್ತದೆ, ಶಾಲೆಯ ದಿನ ಅದು ಎಷ್ಟು ಹೊತ್ತಿಗೆ ಎಲ್ಲಿರುತ್ತದೆ. ನನ್ನ ಗೆಳತಿ ಮೊದಲನೆಯದಕ್ಕೂ ಮೂರನೆಯದಕ್ಕೂ ಸೋತಳು, ಆದರೆ ಎರಡನೆಯದಕ್ಕೆ ಒಣಗಲು ಹಾಕಿದ ಬಟ್ಟೆಗಳ ಚಿತ್ರದ ಮೇಲೆ ಬೆರಳಿಟ್ಟಳು. ಸಾಲಿನ ತುದಿಯಲ್ಲಿ, ಅರ್ಧ ಮಡಚಿಕೊಂಡಂತೆ, ಲಾಂಛನವಿದ್ದ ಸಮವಸ್ತ್ರದ ಅಂಗಿ ತೂಗುತ್ತಿತ್ತು. ಆ ತುದಿಯನ್ನು ಕತ್ತರಿಸಿ ಅಂದು ಸಂಜೆ ಸರಣಿಯನ್ನು ಹಾಕಿದೆ.